ಐದು ಮಾರಾಟ, ಅರವತ್ತು ಕರೆಂಟ್ ಬಿಲ್

ಮೈಸೂರಿನಲ್ಲಿ ಮನೆಗಳ ತಾರಸಿಗೆ ಸೋಲಾರ್ ಪ್ಯಾನೆಲ್ ಹಾಕಿಕೊಡುವ ಒಂದು ಸಣ್ಣ ಸಂಸ್ಥೆ ಇದೆ ಎಂದುಕೊಳ್ಳೋಣ. ಅದಕ್ಕೊಂದು ಹೆಸರು ಬೇಡ, ಲೆಕ್ಕ ಇದ್ದರೆ ಸಾಕು. ಗೂಗಲ್ ಜಾಹೀರಾತಿಗೆ ಅದು ತಿಂಗಳಿಗೆ 60,000 ರೂಪಾಯಿ ಹಾಕುತ್ತದೆ. ಒಂದು ಕ್ಲಿಕ್ಕಿಗೆ ಸರಾಸರಿ 30 ರೂಪಾಯಿ ಬೀಳುವುದರಿಂದ ತಿಂಗಳಿಗೆ 2,000 ಜನ ವೆಬ್‌ಸೈಟಿಗೆ ಬಂದುಹೋಗುತ್ತಾರೆ. ಅಷ್ಟು ಜನರಲ್ಲಿ ಕೊನೆಗೆ ಮುಂಗಡ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದು ಐದು ಮನೆಯವರು. ಅಂದರೆ ಒಬ್ಬ ಗಿರಾಕಿಗೆ 12,000 ರೂಪಾಯಿ ಜಾಹೀರಾತು ಖರ್ಚು. ಸಾಮಾನು, ಕೂಲಿ ಎಲ್ಲ ಕಳೆದು ಒಂದು ಮನೆಯಿಂದ 25,000 ಉಳಿಯುತ್ತದೆ ಎಂದಿಟ್ಟುಕೊಂಡರೆ ವ್ಯಾಪಾರವೇನೂ ನಷ್ಟದ್ದಲ್ಲ.

ಮಾಲೀಕರು ಒಂದು ದಿನ ಹರಾಜಿನ ಬೆಲೆ ಕಟ್ಟುವ ಕೆಲಸವನ್ನು ಗೂಗಲ್‌ನ ಯಂತ್ರಕ್ಕೇ ಬಿಡುತ್ತಾರೆ. ಇದಕ್ಕೆ ಸ್ಮಾರ್ಟ್ ಬಿಡ್ಡಿಂಗ್ ಎನ್ನುತ್ತಾರೆ. ‘ಒಂದು ಮಾರಾಟಕ್ಕೆ 12,000 ರೂಪಾಯಿ ದಾಟಬಾರದು’ ಎಂಬ ಗುರಿಯನ್ನು ಅದಕ್ಕೆ ಕೊಡುತ್ತಾರೆ. ಆಮೇಲೆ ಶುರುವಾಗುತ್ತದೆ ತಕರಾರು. ಒಂದು ವಾರ ದುಡ್ಡು ನೀರಿನಂತೆ ಹರಿಯುತ್ತದೆ, ಮುಂದಿನ ವಾರ ಜಾಹೀರಾತು ಯಾರ ಕಣ್ಣಿಗೂ ಬೀಳುವುದಿಲ್ಲ. ಯಂತ್ರ ಕೆಟ್ಟಿದೆ ಎಂದು ಮಾಲೀಕರು ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಕಲಿಯುವುದಕ್ಕೆ ಅದರ ಮುಂದೆ ಪಾಠವೇ ಇಲ್ಲ, ಅಷ್ಟೆ.

ಈ ಯಂತ್ರ ಮಾಡುವ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ಯಾರಾದರೂ ಗೂಗಲ್‌ನಲ್ಲಿ ‘ಮನೆಗೆ ಸೋಲಾರ್’ ಎಂದು ಹುಡುಕಿದ ಕ್ಷಣದಲ್ಲೇ ಒಂದು ಹರಾಜು ನಡೆಯುತ್ತದೆ. ಹುಡುಕಿದ ಮಾತು, ಊರು, ಹೊತ್ತು, ಫೋನೋ ಕಂಪ್ಯೂಟರೋ ಎಂಬಂಥ ಹತ್ತಾರು ಸುಳಿವುಗಳನ್ನು ನೋಡಿ ‘ಈ ವ್ಯಕ್ತಿ ಕೊಳ್ಳುವ ಸಾಧ್ಯತೆ ಎಷ್ಟು’ ಎಂದು ಯಂತ್ರ ಅಂದಾಜು ಮಾಡುತ್ತದೆ. ಆ ಸಾಧ್ಯತೆಯನ್ನು ನೀವು ಕೊಟ್ಟ ಗುರಿಯಿಂದ ಗುಣಿಸಿದರೆ ಹರಾಜಿನಲ್ಲಿ ಕೂಗಬೇಕಾದ ಬೆಲೆ ಸುಮಾರಾಗಿ ಸಿಗುತ್ತದೆ. ನಮ್ಮ ಸಂಸ್ಥೆಯಲ್ಲಿ 2,000 ಜನರಿಗೆ ಐದು ಮಾರಾಟ, ಅಂದರೆ ನೂರಕ್ಕೆ ಕಾಲು ಪಾಲು. ಅದನ್ನು 12,000ದಿಂದ ಗುಣಿಸಿದರೆ 30 ರೂಪಾಯಿ. ಸರಾಸರಿ ಬೆಲೆ ಸರಿಯಾಗಿಯೇ ಬಂತು.

ಆದರೆ ಸರಾಸರಿ ಬೆಲೆಯನ್ನು ಮನುಷ್ಯನೂ ಕೂಗಬಲ್ಲ. ಯಂತ್ರವನ್ನು ಇಟ್ಟುಕೊಳ್ಳುವುದು ಒಬ್ಬರಿಗೆ 60, ಇನ್ನೊಬ್ಬರಿಗೆ 8 ಎಂದು ಬೇರೆ ಬೇರೆ ಬೆಲೆ ಕೂಗಲಿ ಎಂದು. ಅಲ್ಲೇ ತೊಡಕು. ನಂಜನಗೂಡಿನಿಂದ ಒಂದು ತಿಂಗಳಲ್ಲಿ 400 ಜನ ಬಂದರು, ಒಬ್ಬರೂ ಕೊಳ್ಳಲಿಲ್ಲ ಎನ್ನಿ. ಸರಾಸರಿಯ ಪ್ರಕಾರ ಅಲ್ಲಿ ಒಂದು ಮಾರಾಟ ಆಗಬೇಕಿತ್ತು. ಒಂದು ನಿರೀಕ್ಷೆ ಇದ್ದ ಕಡೆ ಸೊನ್ನೆ ಬರುವುದು ಬರೀ ಅದೃಷ್ಟದ ಆಟದಲ್ಲೂ ನೂರಕ್ಕೆ ಮೂವತ್ತೇಳು ಸಲ ಆಗುವಂಥದ್ದು. ನಂಜನಗೂಡಿನವರಿಗೆ ಆಸಕ್ತಿ ಇಲ್ಲ ಎಂದು ಅದರಿಂದ ತೀರ್ಮಾನಿಸಲಾಗದು, ಇದೆ ಎಂದೂ ಹೇಳಲಾಗದು. ಊರು, ಹೊತ್ತು, ಫೋನು, ಹುಡುಕಿದ ಮಾತು ಎಲ್ಲವನ್ನೂ ಹೀಗೆ ಭಾಗ ಮಾಡುತ್ತಾ ಹೋದರೆ ಐದು ಮಾರಾಟ ಯಾವ ಮೂಲೆಗೂ ಸಾಲುವುದಿಲ್ಲ.

ಗೂಗಲ್‌ನ ಯಂತ್ರ ಪೂರ್ತಿ ಕುರುಡೇನೂ ಅಲ್ಲ. ಒಂದು ಕ್ಯಾಂಪೇನಿನಲ್ಲಿ ಮಾಹಿತಿ ಕಡಿಮೆ ಇದ್ದರೆ ಖಾತೆಯ ಉಳಿದ ಕ್ಯಾಂಪೇನುಗಳಿಂದಲೂ ಅದು ಕಲಿಯುತ್ತದೆ. ಆದರೂ ಲಾಭದ ಅನುಪಾತವನ್ನು ಗುರಿಯಾಗಿ ಕೊಡುವ ವಿಧಾನಕ್ಕೆ ಕಳೆದ 30 ದಿನಗಳಲ್ಲಿ ಕನಿಷ್ಠ 15 ಕನ್ವರ್ಷನ್ ಇರಲಿ ಎಂದು ಗೂಗಲ್ಲೇ ಸಲಹೆ ಕೊಟ್ಟಿತ್ತು. ಕನ್ವರ್ಷನ್ ಎಂದರೆ ಬಂದವರು ಮಾಡಲಿ ಎಂದು ನಾವು ಬಯಸುವ ಕೆಲಸ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕೇಳುವುದು ಇನ್ನೂ ಹೆಚ್ಚು, ವಾರಕ್ಕೆ ಸುಮಾರು 50. ತಿಂಗಳಿಗೆ ಐದು ಎಲ್ಲಿ, ವಾರಕ್ಕೆ 50 ಎಲ್ಲಿ!

ಇನ್ನೊಂದು ಕಷ್ಟ ಕಾಲದ್ದು. ತಾರಸಿಗೆ ಸೋಲಾರ್ ಹಾಕಿಸುವುದು ಸಂಜೆಗೆ ನಿರ್ಧಾರವಾಗುವ ಮಾತಲ್ಲ. ಮನೆಯಲ್ಲಿ ಚರ್ಚೆ ಆಗಬೇಕು, ಸಾಲದ ವಿಚಾರ ನೋಡಬೇಕು, 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ ಸಿಗುವ 78,000 ರೂಪಾಯಿ ಸಬ್ಸಿಡಿಯ ಕಾಗದಪತ್ರ ವಿಚಾರಿಸಬೇಕು. ಇವತ್ತು ಕ್ಲಿಕ್ ಮಾಡಿದವರು ಮುಂಗಡ ಕೊಡುವ ಹೊತ್ತಿಗೆ ಒಂದೂವರೆ ತಿಂಗಳು ಕಳೆದಿರುತ್ತದೆ. ಕ್ಲಿಕ್ಕಿಗೂ ಮಾರಾಟಕ್ಕೂ ಗಂಟು ಹಾಕಲು ಗೂಗಲ್ ಕೊಡುವ ಗರಿಷ್ಠ ಅವಧಿ 90 ದಿನ. ತಡಮಾಡಿ ಬರುವ ಮಾರಾಟ ಲೆಕ್ಕಕ್ಕೇನೋ ಸಿಗುತ್ತದೆ. ಆದರೆ ಅಷ್ಟರಲ್ಲಿ ಯಂತ್ರ ಸಾವಿರಾರು ಹರಾಜುಗಳಲ್ಲಿ ಭಾಗವಹಿಸಿ ಆಗಿರುತ್ತದೆ.

ಹಾಗಾದರೆ ಮಾರಾಟಕ್ಕೆ ಮುಂಚಿನ, ಇನ್ನಷ್ಟು ಹೆಚ್ಚಾಗಿ ಮತ್ತು ಬೇಗ ಆಗುವ ಯಾವುದಾದರೂ ಹೆಜ್ಜೆಯನ್ನು ಯಂತ್ರಕ್ಕೆ ಗುರಿಯಾಗಿ ತೋರಿಸಿದರೆ? ಆ ಸಣ್ಣ ಹೆಜ್ಜೆಗೆ ಮೈಕ್ರೋ ಕನ್ವರ್ಷನ್ ಎಂದು ಹೆಸರು. ಸೀರೆ ಅಂಗಡಿಯ ಅನುಭವಸ್ಥ ನೌಕರನಿಗೆ ಇದು ಗೊತ್ತು. ಒಳಗೆ ಬಂದವರೆಲ್ಲ ಕೊಳ್ಳುವುದಿಲ್ಲ, ‘ಇದೆಷ್ಟು’ ಎಂದು ಕೇಳಿದವರೂ ಕೊಳ್ಳುವುದಿಲ್ಲ. ಸೀರೆಯನ್ನು ಬಾಗಿಲ ಬಳಿ ಒಯ್ದು ಹಗಲ ಬೆಳಕಿನಲ್ಲಿ ಸೆರಗಿನ ಬಣ್ಣ ನೋಡುವವರು ಕೊಳ್ಳುವ ಪೈಕಿ. ಪ್ರಶ್ನೆ ಏನೆಂದರೆ, ನಮ್ಮ ಸೋಲಾರ್ ವೆಬ್‌ಸೈಟಿನಲ್ಲಿ ‘ಬಾಗಿಲ ಬಳಿ ಒಯ್ಯುವುದು’ ಯಾವುದು?

ಸಂಸ್ಥೆಯ ಒಂದು ತಿಂಗಳ ಲೆಕ್ಕವನ್ನು ಬಿಡಿಸಿ ನೋಡೋಣ. ಬಂದ 2,000 ಜನರಲ್ಲಿ 700 ಮಂದಿ ಪುಟದಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಇದ್ದರು. 240 ಮಂದಿ ‘ನಿಮ್ಮ ಮನೆಗೆ ಎಷ್ಟು ಕಿಲೋವಾಟ್ ಬೇಕು’ ಎಂದು ಲೆಕ್ಕ ಹಾಕಿಕೊಡುವ ಕ್ಯಾಲ್ಕುಲೇಟರ್ ಬಳಸಿದರು. 60 ಮಂದಿ ಕರೆಂಟ್ ಬಿಲ್ಲಿನ ಫೋಟೋ ಹಾಕಿ ಫೋನ್ ನಂಬರ್ ಕೊಟ್ಟರು. 20 ಮನೆಗಳಿಗೆ ಎಂಜಿನಿಯರ್ ಹೋಗಿ ತಾರಸಿ ಅಳೆದು ಬಂದರು. ಐದು ಮನೆ ಕುದುರಿತು.

ಮೊದಲು ಎಲ್ಲರ ಕಣ್ಣು ಹೋಗುವುದು ದೊಡ್ಡ ಸಂಖ್ಯೆಯ ಕಡೆ. 700 ಇದೆಯಲ್ಲ, ಯಂತ್ರಕ್ಕೆ ಹೊಟ್ಟೆ ತುಂಬ ಪಾಠ! ಅದಲ್ಲದೆ ಕೊಂಡ ಐದೂ ಮಂದಿ ಒಂದು ನಿಮಿಷಕ್ಕಿಂತ ಹೆಚ್ಚು ಇದ್ದವರೇ. ಈ ವಾದ ಕೇಳುವುದಕ್ಕೆ ಚೆನ್ನಾಗಿದೆ, ಆದರೆ ತಲೆಕೆಳಗಾಗಿದೆ. ಕೊಂಡವರು ಅದನ್ನು ಮಾಡಿದ್ದರೇ ಎಂಬುದು ಮುಖ್ಯವಲ್ಲ, ಕೊಳ್ಳದವರು ಅದನ್ನು ಮಾಡದೆ ಬಿಟ್ಟಿದ್ದರೇ ಎಂಬುದು ಮುಖ್ಯ. ಇಲ್ಲಿ ಕೊಳ್ಳದ 695 ಮಂದಿಯೂ ಪುಟ ತೆರೆದಿಟ್ಟು ಕೂತಿದ್ದರು. ಅವರಲ್ಲಿ ಕೆಲವರು ಟೀ ಕುಡಿಯಲು ಎದ್ದು ಹೋಗಿದ್ದಿರಲೂಬಹುದು.

ಇನ್ನೂ ದೊಡ್ಡ ಅಪಾಯ ಬೇರೆ ಇದೆ. ನಾವು ಹೆಜ್ಜೆಯನ್ನು ಅಳೆದದ್ದು ನಿನ್ನೆಯವರೆಗೆ ಬಂದ ಜನರ ಮೇಲೆ. ಯಂತ್ರಕ್ಕೆ ಆ ಹೆಜ್ಜೆಯನ್ನು ಗುರಿಯಾಗಿ ಕೊಟ್ಟ ದಿನದಿಂದ ಬರುವ ಜನರೇ ಬದಲಾಗುತ್ತಾರೆ. ‘ಒಂದು ನಿಮಿಷ ನಿಲ್ಲುವವರನ್ನು ತಾ’ ಎಂದರೆ ಯಂತ್ರ ಆಜ್ಞಾಧಾರಕನಂತೆ ಅತಿ ಅಗ್ಗಕ್ಕೆ ಸಿಗುವ ಒಂದು ನಿಮಿಷದವರನ್ನೇ ಹುಡುಕಿ ತರುತ್ತದೆ: ಶಾಲೆಯ ಪ್ರಾಜೆಕ್ಟಿಗೆ ಸೌರಶಕ್ತಿಯ ಬಗ್ಗೆ ಓದುವ ಮಕ್ಕಳು, ಕೆಲಸ ಹುಡುಕುವವರು, ಬೇರೆ ಸೋಲಾರ್ ಕಂಪನಿಯವರು. ಕೊಳ್ಳುವವರ ಕ್ಲಿಕ್ಕಿಗೆ ಪೈಪೋಟಿ ಇರುವುದರಿಂದ ಅದು ದುಬಾರಿ. ಕೊಳ್ಳದವರ ಕ್ಲಿಕ್ ಅಗ್ಗ. ಸುಲಭದ ಹೆಜ್ಜೆಯನ್ನು ಗುರಿ ಮಾಡಿದಷ್ಟೂ ಯಂತ್ರ ಅಗ್ಗದ ಕಡೆಗೆ ಜಾರುತ್ತದೆ.

ಕ್ಯಾಲ್ಕುಲೇಟರ್ ಅದಕ್ಕಿಂತ ವಾಸಿ. ಆದರೆ ಕರ್ನಾಟಕದಲ್ಲಿ ಅದಕ್ಕೊಂದು ವಿಶೇಷ ತೂತು ಇದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದಾಗಿ ತಿಂಗಳಿಗೆ 200 ಯೂನಿಟ್‌ನ ಒಳಗೆ ಬಳಸುವ ಬಹುಪಾಲು ಮನೆಗಳಿಗೆ ಬಿಲ್ಲೇ ಬರುವುದಿಲ್ಲ, ಬಂದರೂ ಅಲ್ಪಸ್ವಲ್ಪ. ಸೊನ್ನೆ ಬಿಲ್ಲಿನ ಮನೆಯವರು ಕುತೂಹಲಕ್ಕೆ ಕ್ಯಾಲ್ಕುಲೇಟರ್ ಒತ್ತುತ್ತಾರೆ, ಲಕ್ಷಾಂತರ ಹಾಕಿ ಪ್ಯಾನೆಲ್ ಕೂರಿಸುವುದಿಲ್ಲ. ಅದೇ 200 ದಾಟಿದರೆ ಪೂರ್ತಿ ಬಿಲ್ ತೆರಬೇಕು. ಗಿರಾಕಿ ಇರುವುದು ಆ ಗೆರೆಯ ಆಚೆ.

ತಾರಸಿ ಅಳೆಯುವ ಹೆಜ್ಜೆ ಎಲ್ಲಕ್ಕಿಂತ ನಂಬಿಕಸ್ಥ. ನಾಲ್ಕು ಭೇಟಿಗೆ ಒಂದು ಮಾರಾಟ. ಇಪ್ಪತ್ತು ಎಂದರೆ ಸಂಖ್ಯೆಯೂ ತೀರಾ ಕಡಿಮೆಯಲ್ಲ. ಆದರೂ ನಾನು ಅದನ್ನು ಮೊದಲ ಆಯ್ಕೆಯಾಗಿ ಹಿಡಿಯುವುದಿಲ್ಲ. ಭೇಟಿ ಆಗುವುದು ಗಿರಾಕಿಯ ಮನಸ್ಸಿನಿಂದ ಮಾತ್ರವಲ್ಲ, ಸಂಸ್ಥೆಯ ಎಂಜಿನಿಯರ್‌ಗೆ ಬಿಡುವು ಇದೆಯೇ ಎಂಬುದರಿಂದ ಕೂಡ. ದಸರೆಗೆ ಆತ ಒಂದು ವಾರ ರಜೆ ಹಾಕಿದರೆ ಆ ವಾರ ಭೇಟಿ ಸೊನ್ನೆ. ಯಂತ್ರ ಆಗ ಕಲಿಯುವುದು ಗಿರಾಕಿಯ ಆಸಕ್ತಿಯನ್ನಲ್ಲ, ಎಂಜಿನಿಯರ್‌ನ ರಜೆಯನ್ನು.

ಉಳಿದದ್ದು ಬಿಲ್ಲಿನ ಫೋಟೋ. ತಿಂಗಳಿಗೆ 60, ಅಂದರೆ ಗೂಗಲ್‌ಗೆ ಸಾಕು. ಹೆಚ್ಚಿನವರು ಬಂದ ದಿನವೇ ಹಾಕುತ್ತಾರೆ. ಬಿಲ್ ಹುಡುಕಿ, ಫೋಟೋ ತೆಗೆದು, ನಂಬರ್ ಕೊಡುವಷ್ಟು ತಾಳ್ಮೆ ಬೇಕಾದ್ದರಿಂದ ಯಾರೂ ಕೈತಪ್ಪಿ ಮಾಡುವ ಕೆಲಸವಲ್ಲ. ಹನ್ನೆರಡು ಬಿಲ್ಲಿಗೆ ಒಂದು ಮಾರಾಟ. ನಂಜನಗೂಡಿನ ಉದಾಹರಣೆಗೆ ಮರಳಿದರೆ, ಅಲ್ಲಿಯ 400 ಜನರಿಂದ ಈಗ ಹನ್ನೆರಡು ಬಿಲ್ ನಿರೀಕ್ಷಿಸಬಹುದು. ನಾಲ್ಕೇ ಬಂದರೆ ಅದು ಅದೃಷ್ಟದ ಆಟವಾಗಿರುವುದು ಅಪರೂಪ. ಯಂತ್ರ ಅಲ್ಲಿ ಬೆಲೆ ಇಳಿಸಿದರೆ ಅದಕ್ಕೊಂದು ಆಧಾರ ಇದೆ. (ಮೆಟಾದಲ್ಲಿ ಇದೇ ಸಂಸ್ಥೆ ಜಾಹೀರಾತು ಕೊಟ್ಟರೆ ತಿಂಗಳಿಗೆ 60 ಸಾಲದು. ಅಲ್ಲಿ ಬಹುಶಃ ಕ್ಯಾಲ್ಕುಲೇಟರನ್ನೇ ಬಿಗಿ ಮಾಡಿ ಬಳಸಬೇಕಾದೀತು.)

ಇನ್ನು ಗುರಿಯ ಬೆಲೆ. ಮಾರಾಟಕ್ಕೆ 12,000, ಹನ್ನೆರಡು ಬಿಲ್ಲಿಗೆ ಒಂದು ಮಾರಾಟ. ಹಾಗಾಗಿ ಒಂದು ಬಿಲ್ಲಿಗೆ 1,000 ರೂಪಾಯಿ. ನೂರಕ್ಕೆ ಮೂರು ಮಂದಿ ಬಿಲ್ ಹಾಕುತ್ತಾರೆ, ಅದನ್ನು 1,000ದಿಂದ ಗುಣಿಸಿದರೆ ಮತ್ತೆ ಅದೇ 30 ರೂಪಾಯಿ. ಸರಾಸರಿ ಎಳ್ಳಷ್ಟೂ ಅಲುಗಲಿಲ್ಲ. ಬದಲಾದದ್ದು ಜನರನ್ನು ಬೇರ್ಪಡಿಸಿ ನೋಡುವ ಶಕ್ತಿ ಮಾತ್ರ.

ಗೂಗಲ್ ಆಡ್ಸ್ ಖಾತೆಯಲ್ಲಿ ಪ್ರತಿ ಕನ್ವರ್ಷನ್ನಿಗೂ ಪ್ರೈಮರಿ ಅಥವಾ ಸೆಕೆಂಡರಿ ಎಂಬ ಹಣೆಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಪ್ರೈಮರಿ ಆದದ್ದನ್ನು ನೋಡಿ ಯಂತ್ರ ಬೆಲೆ ಕೂಗುತ್ತದೆ, ಸೆಕೆಂಡರಿ ಆದದ್ದು ನಾವು ನೋಡಿಕೊಳ್ಳುವುದಕ್ಕೆ. ಬಿಲ್ಲನ್ನು ಪ್ರೈಮರಿ ಮಾಡಿ, ಭೇಟಿ ಮತ್ತು ಮಾರಾಟವನ್ನು ಸೆಕೆಂಡರಿಯಲ್ಲಿ ಇಡಬೇಕು. ಒಬ್ಬರೇ ಮೂರು ಸಲ ಫೋಟೋ ಹಾಕಿದರೆ ಒಂದೇ ಎಂದು ಎಣಿಸುವ ಆಯ್ಕೆಯನ್ನೂ ಅಲ್ಲೇ ಹಾಕಿಡಬೇಕು. ಬಿಲ್ ಮತ್ತು ಮಾರಾಟ ಎರಡನ್ನೂ ಪ್ರೈಮರಿ ಮಾಡುವ ಆಸೆ ಹಲವರಿಗೆ. ಹಾಗೆ ಮಾಡಿದರೆ ‘ಒಂದು ಕನ್ವರ್ಷನ್ನಿಗೆ ಇಷ್ಟು’ ಎಂಬ ಗುರಿಯ ವಿಧಾನದಲ್ಲಿ ಒಂದು ಫೋಟೋಗೂ ಒಂದು ಮಾರಾಟಕ್ಕೂ ತೂಕ ಒಂದೇ ಆಗುತ್ತದೆ. ಪ್ರತಿ ಹೆಜ್ಜೆಗೂ ರೂಪಾಯಿಯಲ್ಲಿ ಬೆಲೆ ಕಟ್ಟಿದರೆ ಆಯಿತಲ್ಲ ಎಂದರೆ ಅಲ್ಲೂ ಒಂದು ಬಲೆ. ನಮ್ಮ ಸಂಸ್ಥೆಗೆ ತಿಂಗಳ ಉಳಿತಾಯ 1,25,000. ಅದನ್ನು 60 ಬಿಲ್ಲಿಗೆ ಹಂಚಿದರೆ ಒಂದಕ್ಕೆ 2,083. 240 ಕ್ಯಾಲ್ಕುಲೇಟರ್‌ಗೆ ಹಂಚಿದರೆ ಒಂದಕ್ಕೆ 521. ಎರಡನ್ನೂ ಖಾತೆಯಲ್ಲಿ ಹಾಕಿದರೆ ಬಂದದ್ದು ಎರಡೂವರೆ ಲಕ್ಷ ಎಂದು ತೋರಿಸುತ್ತದೆ. ಒಂದೇ ದುಡ್ಡನ್ನು ಎರಡು ಸಲ ಎಣಿಸಿದ್ದೇವೆ, ಯಂತ್ರ ಅದನ್ನು ನಂಬಿ ಖರ್ಚು ಮಾಡುತ್ತದೆ. ಒಂದು ಹೊತ್ತಿಗೆ ಒಂದೇ ಹೆಜ್ಜೆ ಸಾಕು ಎಂಬ ಪಕ್ಷ ನನ್ನದು.

ಭೇಟಿ, ಮಾರಾಟ ನಡೆಯುವುದು ವೆಬ್‌ಸೈಟಿನ ಹೊರಗೆ. ಅದನ್ನು ಖಾತೆಗೆ ತರುವ ದಾರಿ ಇದೆ. ಜಾಹೀರಾತಿನಿಂದ ಬಂದವರ ವಿಳಾಸಪಟ್ಟಿಯಲ್ಲಿ `gclid` ಎಂಬ ಗುರುತು ಅಂಟಿಕೊಂಡಿರುತ್ತದೆ. ಬಿಲ್ಲಿನ ಫಾರ್ಮಿನ ಜೊತೆಗೆ ಅದನ್ನೂ ಉಳಿಸಿಟ್ಟುಕೊಂಡು, ಮುಂಗಡ ಬಂದ ಮೇಲೆ ಕ್ಲಿಕ್ ಆದ 90 ದಿನದೊಳಗೆ ಗೂಗಲ್‌ಗೆ ಅಪ್‌ಲೋಡ್ ಮಾಡಬೇಕು. ಇದು ಬೇಸರದ ಕೆಲಸ, ಅದಕ್ಕೇ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಟ್ಟವರಿಗೆ ಮುಂದೆ ಹೇಳುವ ಎಡವಟ್ಟು ಕಾಣಿಸುವುದೇ ಇಲ್ಲ.

ಎರಡು ತಿಂಗಳು ಕಳೆಯಿತು ಎನ್ನಿ. ಅದೇ 60,000ಕ್ಕೆ ಈಗ ತಿಂಗಳಿಗೆ 110 ಬಿಲ್ ಬರುತ್ತಿವೆ. ಒಂದು ಬಿಲ್ಲಿಗೆ 545 ರೂಪಾಯಿ. ವರದಿಯ ಗ್ರಾಫ್ ಮೇಲಕ್ಕೇರಿದೆ, ಏಜೆನ್ಸಿಯವರು ಖುಷಿಯಾಗಿದ್ದಾರೆ. ಮಾರಾಟ ಮಾತ್ರ ಐದೇ. ಹನ್ನೆರಡಕ್ಕೆ ಒಂದರ ಲೆಕ್ಕದಲ್ಲಿ ಒಂಬತ್ತು ಆಗಬೇಕಿತ್ತು. ಯಂತ್ರ ದಾರಿ ತಪ್ಪಿತೇ? ಆತುರ ಬೇಡ. ಒಂಬತ್ತು ನಿರೀಕ್ಷೆ ಇದ್ದಾಗ ಐದೋ ಅದಕ್ಕಿಂತ ಕಡಿಮೆಯೋ ಬರುವುದು ಹತ್ತು ಸಲದಲ್ಲಿ ಒಂದು ಸಲ ಸುಮ್ಮನೆ ಆಗುವಂಥದ್ದು. ಸಾಲದ್ದಕ್ಕೆ ಈ ತಿಂಗಳ ಮುಂಗಡ ಹಿಂದಿನ ತಿಂಗಳುಗಳ ಬಿಲ್ಲಿನ ಫಲ. ಮಾರಾಟದ ಸಂಖ್ಯೆ ಯಂತ್ರಕ್ಕೆ ಕಲಿಯಲು ಹೇಗೆ ಸಾಲದೋ, ನಮಗೆ ತೀರ್ಪು ಕೊಡಲೂ ಹಾಗೇ ಸಾಲದು. ಇದನ್ನು ಮರೆತು ಪ್ರತಿ ವಾರ ಗುಂಡಿ ತಿರುವುವ ಮಾಲೀಕರೇ ಹೆಚ್ಚು.

ನಡುವಿನ ಹೆಜ್ಜೆ ಉಪಯೋಗಕ್ಕೆ ಬರುವುದು ಈಗ. ಮೊದಲು ಮೂರು ಬಿಲ್ಲಿಗೆ ಒಂದು ಭೇಟಿ ಆಗುತ್ತಿತ್ತು. 110 ಬಿಲ್ಲಿಗೆ ಸುಮಾರು 37 ಭೇಟಿ ಆಗಬೇಕು. ಆದದ್ದು 18. ಇಷ್ಟು ದೊಡ್ಡ ಕೊರತೆ ಅದೃಷ್ಟದಿಂದ ಆಗುವುದಿಲ್ಲ. ಎಂಜಿನಿಯರ್ ರಜೆಯಲ್ಲಿ ಇರಲಿಲ್ಲ ಎಂದಾದರೆ ಬಿಲ್ಲೇ ಹುಸಿ. ಬೆಲೆ ಕೂಗಲು ಒಂದು ಹೆಜ್ಜೆ, ಅದು ನಿಜವೇ ಎಂದು ಕಾಯಲು ಅದರ ಮುಂದಿನ ಹೆಜ್ಜೆ.

ಕಾರಣವನ್ನು ಹುಡುಕಬೇಕಾದ್ದು ಖಾತೆಯ ಸರ್ಚ್ ಟರ್ಮ್ಸ್ ಪಟ್ಟಿಯಲ್ಲಿ. ಜನ ನಿಜವಾಗಿ ಏನು ಟೈಪ್ ಮಾಡಿದ್ದರು ಎಂಬುದು ಅಲ್ಲಿರುತ್ತದೆ. ನಮ್ಮ ಸಂಸ್ಥೆಯ ಪಟ್ಟಿಯಲ್ಲಿ ‘ಚೆಸ್ಕಾಂ ಬಿಲ್’, ‘ಕರೆಂಟ್ ಬಿಲ್ ಆನ್‌ಲೈನ್’, ‘ಆರ್‌ಆರ್ ನಂಬರ್ ಹಾಕಿ ಬಿಲ್ ನೋಡುವುದು’ ಎಂಬಂಥ ಸಾಲುಗಳು ತುಂಬಿಕೊಂಡಿವೆ. ಬ್ರಾಡ್ ಮ್ಯಾಚ್ ಎಂಬ ಸಡಿಲ ಹೊಂದಾಣಿಕೆ ಇಟ್ಟಿದ್ದರಿಂದ ಯಂತ್ರಕ್ಕೆ ಅಲ್ಲಿಯವರೆಗೂ ಕೈಚಾಚಲು ಅವಕಾಶ ಇತ್ತು. ಬಿಲ್ ಕಟ್ಟಲು ಬಂದವರು ‘ನಿಮ್ಮ ಬಿಲ್ ಇಲ್ಲಿ ಹಾಕಿ’ ಎಂಬ ಪೆಟ್ಟಿಗೆ ನೋಡಿ ಫೋಟೋ ಹಾಕಿಬಿಟ್ಟಿದ್ದಾರೆ. ಆಫೀಸಿನಿಂದ ಫೋನ್ ಮಾಡಿದರೆ ಆ ಕಡೆಯಿಂದ ಕೇಳುವ ಮಾತು: “ಇದು ಬಿಲ್ ಕಟ್ಟೋ ವೆಬ್‌ಸೈಟ್ ಅಲ್ವಾ ಸಾರ್?” ಯಂತ್ರಕ್ಕೆ ಬೇಕಾದ್ದು ಬಿಲ್ಲಿನ ಫೋಟೋ, ಇಷ್ಟು ಅಗ್ಗಕ್ಕೆ ಫೋಟೋ ಕೊಡುವವರು ಬೇರೆ ಎಲ್ಲಿ ಸಿಗುತ್ತಾರೆ!

ಅಂಥ ಮಾತುಗಳನ್ನು ನೆಗೆಟಿವ್ ಕೀವರ್ಡ್ ಆಗಿ ಸೇರಿಸಿ ಬಾಗಿಲು ಮುಚ್ಚಬಹುದು. ಅಷ್ಟೇ ಮಾಡಿದರೆ ಯಂತ್ರ ಇನ್ನೊಂದು ಸಂದಿ ಹುಡುಕುತ್ತದೆ. ಹೆಜ್ಜೆಯನ್ನೇ ಬಿಗಿ ಮಾಡುವುದು ಮೇಲು. ಫಾರ್ಮಿನಲ್ಲಿ ಎರಡು ಪ್ರಶ್ನೆ ಸೇರಿಸಿದರೆ ಸಾಕು: ತಿಂಗಳಿಗೆ ಎಷ್ಟು ಯೂನಿಟ್ ಬಳಸುತ್ತೀರಿ, ತಾರಸಿ ನಿಮ್ಮದೇ? ಬಿಲ್ಲನ್ನು ಎಲ್ಲರಿಂದಲೂ ತೆಗೆದುಕೊಳ್ಳಿ, ಆದರೆ 200 ಯೂನಿಟ್ ದಾಟಿದ, ಸ್ವಂತ ತಾರಸಿ ಇರುವವರ ಬಿಲ್ ಬಂದಾಗ ಮಾತ್ರ ಗೂಗಲ್‌ಗೆ ಸುದ್ದಿ ಮುಟ್ಟಿಸಿ. ಪುಟದಲ್ಲಿ ಬರೆಯಬೇಕಾದ್ದು ಇಷ್ಟೇ:

```
if (units > 200 && ownRoof === "yes") {
  gtag("event", "bill_upload_qualified");
}
```

ಹಳೆಯ ತಿಂಗಳ 60 ಬಿಲ್ಲುಗಳನ್ನು ಈ ಜರಡಿ ಹಿಡಿದರೆ 40 ಉಳಿಯುತ್ತವೆ, ಕೊಂಡ ಐದೂ ಮನೆ ಅದರಲ್ಲೇ ಇವೆ ಎಂದುಕೊಳ್ಳೋಣ. ಈಗ ಎಂಟಕ್ಕೆ ಒಂದು ಮಾರಾಟ. ಗುರಿಯ ಬೆಲೆ 1,000 ಅಲ್ಲ, 1,500. ಸಂಖ್ಯೆ 60ರಿಂದ 40ಕ್ಕೆ ಇಳಿದದ್ದು ನಷ್ಟವಲ್ಲ, ಏಕೆಂದರೆ ಬಿಟ್ಟುಹೋದ ಇಪ್ಪತ್ತು ಯಂತ್ರಕ್ಕೆ ತಪ್ಪು ಪಾಠ ಹೇಳುತ್ತಿದ್ದವು.

ಹೆಜ್ಜೆ ಬದಲಿಸುವಾಗ ಗುರಿಯನ್ನೂ ಅದೇ ಗಳಿಗೆಯಲ್ಲಿ ಬದಲಿಸಬೇಕೆನ್ನುವುದು ಕೇಳಲು ಸಣ್ಣ ವಿಷಯ, ಮರೆಯುವವರು ಮಾತ್ರ ಬಹಳ. ಗುರಿ 12,000ದಲ್ಲೇ ಉಳಿದು ಪ್ರೈಮರಿ ಮಾರಾಟದಿಂದ ಬಿಲ್ಲಿಗೆ ಬದಲಾದರೆ, ಒಂದು ಫೋಟೋಗೆ 12,000 ಕೊಡಬಹುದು ಎಂದು ಯಂತ್ರ ತಿಳಿದು ಹರಾಜಿನಲ್ಲಿ ವಿಪರೀತ ಕೂಗುತ್ತದೆ. ತಿಂಗಳ ದುಡ್ಡು ಕಂಡ ಕಂಡ ದುಬಾರಿ ಕ್ಲಿಕ್ಕಿಗೆ ಕರಗುತ್ತದೆ. ತಿರುಗಾಮುರುಗಾ ಆದರೆ, ಅಂದರೆ 3,000 ರೂಪಾಯಿ ಬೀಳುವ ಭೇಟಿಯನ್ನು ಪ್ರೈಮರಿ ಮಾಡಿ ಗುರಿ 1,000ದಲ್ಲೇ ಬಿಟ್ಟರೆ, ಯಂತ್ರ ಬೆಲೆ ಇಳಿಸುತ್ತಾ ಹೋಗಿ ಜಾಹೀರಾತು ಕಾಣದಂತಾಗುತ್ತದೆ. ಇವೆರಡನ್ನೂ ‘ಸ್ಮಾರ್ಟ್ ಬಿಡ್ಡಿಂಗ್ ನಮಗೆ ಆಗಿಬರಲಿಲ್ಲ’ ಎಂಬ ದೂರಿನ ಹಿಂದೆ ಹುಡುಕಿದರೆ ಸಿಗುತ್ತವೆ.

ವ್ಯಾಪಾರ ಬೆಳೆದು ತಿಂಗಳಿಗೆ ಮೂವತ್ತು ಮನೆ ಆಗತೊಡಗಿದರೆ ಬದಲಿ ಹೆಜ್ಜೆಯನ್ನು ಬಿಟ್ಟು ಮಾರಾಟದ ಹತ್ತಿರಕ್ಕೆ ಸರಿಯುವುದು ಒಳ್ಳೆಯದು. ಮೊದಲು ಭೇಟಿಗೆ, ಆಮೇಲೆ ಮಾರಾಟಕ್ಕೆ. ಸೆಕೆಂಡರಿಯಲ್ಲಿ ಅವುಗಳ ಲೆಕ್ಕ ತಿಂಗಳುಗಟ್ಟಲೆ ಸೇರಿಕೊಂಡಿರುವುದರಿಂದ ಹೊಸ ಗುರಿಯನ್ನು ಊಹಿಸಬೇಕಾಗಿಲ್ಲ, ಓದಿಕೊಂಡರೆ ಆಯಿತು. ಬದಲಿಸಿದ ಮೇಲೆ ಸ್ವಲ್ಪ ಕಾಲ ಖಾತೆಯಲ್ಲಿ ‘ಕಲಿಯುತ್ತಿದೆ’ ಎಂಬ ಸೂಚನೆ ಇರುತ್ತದೆ. ಆ ಹೊತ್ತಿನ ಏರಿಳಿತ ನೋಡಿ ಮತ್ತೆ ಕೈಹಾಕಿದರೆ ಕಲಿಕೆ ಮೊದಲಿನಿಂದ ಶುರುವಾಗುತ್ತದೆ.

ಇನ್ನೂ ಸಣ್ಣ ಊರಿನ, ಇನ್ನೂ ಸಣ್ಣ ಸಂಸ್ಥೆಯ ಮಾತು ಬೇರೆ. ತಿಂಗಳಿಗೆ 9,000 ರೂಪಾಯಿ, 300 ಕ್ಲಿಕ್. ಇದೇ ಲೆಕ್ಕದಲ್ಲಿ ಬಿಲ್ ಒಂಬತ್ತು, ಬಿಗಿ ಮಾಡಿದ ಬಿಲ್ ಆರು. ಆಗ ಸಂಖ್ಯೆ ಬೇಕೆಂದು ‘ಒಂದು ನಿಮಿಷ ಇದ್ದವರು’, ‘ಪುಟದ ತಳದವರೆಗೆ ಜಾರಿಸಿದವರು’ ಎಂಬ ಹೆಜ್ಜೆಗಳಿಗೆ ಇಳಿಯುವುದರಲ್ಲಿ ಅರ್ಥವಿಲ್ಲ. ಊರಿಗೊಂದು, ಕಿಲೋವಾಟ್‌ಗೊಂದು ಎಂದು ಒಡೆದಿಟ್ಟ ಕ್ಯಾಂಪೇನುಗಳನ್ನು ಒಂದಾಗಿ ಸೇರಿಸಬಹುದು. ಅದೂ ಸಾಲದಿದ್ದರೆ ಕ್ಲಿಕ್ಕಿಗೆ ಗರಿಷ್ಠ ಬೆಲೆಯ ಮಿತಿ ಹಾಕಿ, ಸರ್ಚ್ ಟರ್ಮ್ಸ್ ಪಟ್ಟಿಯನ್ನು ವಾರಕ್ಕೊಮ್ಮೆ ಕೈಯಾರೆ ಶುಚಿ ಮಾಡಿ, ಬಂದ ಒಂಬತ್ತು ಬಿಲ್ಲಿನವರಿಗೂ ಅದೇ ದಿನ ಫೋನ್ ಮಾಡುವುದು. 300 ಕ್ಲಿಕ್ಕಿನ ಪಟ್ಟಿಯನ್ನು ಓದಿ ಮುಗಿಸಲು ಒಬ್ಬ ಮನುಷ್ಯನಿಗೆ ಅರ್ಧ ಗಂಟೆ ಸಾಕು.